ಒಂದೇ ಹೆಸರಿನ ನಾಲ್ಕು ಕಂಪನಿಗಳು: ಯಾವುದು ಏನೆಂದು ಲೆಕ್ಕಪತ್ರದಿಂದ ಗುರುತಿಸುವುದು

ಪ್ರಶ್ನೆ: ಒಂದೇ ಗುಂಪಿನ ನಾಲ್ಕು ಕಂಪನಿಗಳ ಲೆಕ್ಕಪತ್ರ ನಮ್ಮ ಕೈಗೆ ಬಂದಿದೆ. ಹೆಸರಿನ ಮೊದಲ ಭಾಗ ನಾಲ್ಕಕ್ಕೂ ಒಂದೇ. ಅವುಗಳಲ್ಲೊಂದು ನಮ್ಮಿಂದ ಸಾಲದ ಮೇಲೆ ಸರಕು ಕೇಳುತ್ತಿದೆ. ಯಾವುದು ಹೋಲ್ಡಿಂಗ್ ಕಂಪನಿ, ಯಾವುದು ನಿಜವಾಗಿ ವ್ಯವಹಾರ ಮಾಡುವ ಆಪರೇಟಿಂಗ್ ಕಂಪನಿ, ಯಾವುದು ಇನ್ವೆಸ್ಟ್‌ಮೆಂಟ್ ಕಂಪನಿ, ಯಾವುದು ಒಂದೇ ನಿರ್ದಿಷ್ಟ ಕೆಲಸಕ್ಕೆಂದು ಹುಟ್ಟಿಸಿದ ಎಸ್‌ಪಿವಿ ಅಂತ ತಿಳಿಯುವುದು ಹೇಗೆ? ತಿಳಿದರೆ ನಮಗೇನು ವ್ಯತ್ಯಾಸ?

ಉತ್ತರ: ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಲೆಕ್ಕ ಎಂದು ನೋಡಿ. ಗುಂಪಿನ ಎಲ್ಲ ಕಂಪನಿಗಳನ್ನೂ ಕೂಡಿಸಿ ಬರೆದ ಕ್ರೋಡೀಕೃತ ಲೆಕ್ಕವಾಗಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದರಲ್ಲಿ ಮಾತೃ ಸಂಸ್ಥೆ ತನ್ನ ಅಂಗಸಂಸ್ಥೆಗಳ ಕಾರ್ಖಾನೆ, ದಾಸ್ತಾನು, ಮಾರಾಟ, ನೌಕರರು ಎಲ್ಲವನ್ನೂ ತನ್ನದೇ ಎಂಬಂತೆ ತೋರಿಸುತ್ತದೆ. ಹಾಗೆ ತೋರಿಸಬೇಕೆಂಬುದೇ ನಿಯಮ. ಷೇರು ಬಿಟ್ಟರೆ ಬೇರೇನೂ ಇಲ್ಲದ ಹೋಲ್ಡಿಂಗ್ ಕಂಪನಿಯೂ ಅಲ್ಲಿ ದೊಡ್ಡ ತಯಾರಕನಂತೆ ಕಾಣುತ್ತದೆ. ನಿಮಗೆ ಬೇಕಾದದ್ದು ಪ್ರತಿ ಕಂಪನಿಯ ಪ್ರತ್ಯೇಕ ಲೆಕ್ಕ, ಅಂದರೆ ಸ್ಟ್ಯಾಂಡ್‌ಅಲೋನ್ ಬ್ಯಾಲೆನ್ಸ್ ಶೀಟ್, ಲಾಭನಷ್ಟದ ಪಟ್ಟಿ ಮತ್ತು ಅವುಗಳ ಕೆಳಗಿನ ಟಿಪ್ಪಣಿಗಳು. ಕೆಲವು ದೇಶಗಳಲ್ಲಿ ಮಾತೃ ಸಂಸ್ಥೆ ಇದನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕಾಗಿಲ್ಲ. ಅಂಥ ಕಡೆ ಕೇಳಿಯೇ ಪಡೆಯಬೇಕು. ಸಾಲ ಕೇಳುತ್ತಿರುವವರು ಕೊಡಲು ಹಿಂಜರಿದರೆ ಅದೂ ನಿಮಗೊಂದು ಮಾಹಿತಿಯೇ.

ಹೆಸರನ್ನು ನಂಬಬೇಡಿ. 'ಹೋಲ್ಡಿಂಗ್ಸ್' ಎಂಬ ಪದ ಹೆಸರಿನಲ್ಲಿದ್ದೂ ಸ್ವತಃ ಅಂಗಡಿ, ಕಾರ್ಖಾನೆ ನಡೆಸುವ ಕಂಪನಿಗಳಿವೆ. ಅಮೆರಿಕದ ಬರ್ಕ್‌ಶೈರ್ ಹ್ಯಾಥವೇ ಕಂಪನಿಯ ಹೆಸರು ಬಟ್ಟೆ ಗಿರಣಿಗಳಿಂದ ಬಂದದ್ದು. ಆ ಕಂಪನಿ ತನ್ನ ಕೊನೆಯ ಗಿರಣಿಯನ್ನು 1985ರಲ್ಲಿ ಮುಚ್ಚಿತು, ಹೆಸರು ಮಾತ್ರ ಉಳಿಯಿತು. ಸಂಸ್ಥಾಪನಾ ಪತ್ರದಲ್ಲಿರುವ ಉದ್ದೇಶಗಳ ಪಟ್ಟಿಯೂ ಹೆಚ್ಚು ಹೇಳುವುದಿಲ್ಲ. ಎಲ್ಲ ಬಗೆಯ ವ್ಯವಹಾರವನ್ನೂ ಮಾಡಬಹುದು ಎಂದು ಬರೆದುಕೊಳ್ಳುವುದೇ ರೂಢಿ. ಆ ಪಟ್ಟಿ ಉಪಯೋಗಕ್ಕೆ ಬರುವುದು ಎಸ್‌ಪಿವಿಯನ್ನು ಗುರುತಿಸುವಾಗ ಮಾತ್ರ, ಏಕೆಂದರೆ ಅಲ್ಲಿ ಅದು ಬೇಕೆಂದೇ ಇಕ್ಕಟ್ಟಾಗಿರುತ್ತದೆ.

ನಾಲ್ಕು ಕಂಪನಿಗಳನ್ನು ಕ, ಖ, ಗ, ಘ ಎಂದು ಕರೆದು ಒಂದು ಮಾದರಿ ಲೆಕ್ಕ ಹಾಕೋಣ. ಅಂಕಿಗಳು ಕಲ್ಪಿತ, ಎಲ್ಲವೂ ಕೋಟಿಗಳಲ್ಲಿ. ಹಣ ಯಾವ ದೇಶದ್ದಾದರೂ ಲೆಕ್ಕ ಬದಲಾಗದು.

ಕ ಕಂಪನಿಯ ಒಟ್ಟು ಆಸ್ತಿ 1,000. ಅದರಲ್ಲಿ ಅಂಗಸಂಸ್ಥೆಗಳ ಷೇರು 760 (ಖ ಕಂಪನಿಯದ್ದೇ 700), ಖ ಕಂಪನಿಗೆ ಕೊಟ್ಟ ಸಾಲ 110, ಘ ಕಂಪನಿಯ ಸಾಲಪತ್ರ 90, ನಗದು 30, ಉಳಿದದ್ದು 10. ಹೊರಗಿನ ಸಾಲ 300. ವರ್ಷದ ಆದಾಯ 66: ಡಿವಿಡೆಂಡ್ 40, ಖ ಕಂಪನಿಯಿಂದ ಬಡ್ಡಿ 9, ಘ ಕಂಪನಿಯಿಂದ ಬಡ್ಡಿ 11, ಬ್ರ್ಯಾಂಡ್ ಬಳಕೆಯ ಶುಲ್ಕ 6. ನೌಕರರು 18 ಮಂದಿ.

ಖ ಕಂಪನಿಯ ಒಟ್ಟು ಆಸ್ತಿ 1,400. ಯಂತ್ರ ಮತ್ತು ಕಟ್ಟಡ 660, ದಾಸ್ತಾನು 320, ಗ್ರಾಹಕರಿಂದ ಬರಬೇಕಾದದ್ದು 340, ನಗದು 50, ಒಂದು ಸಣ್ಣ ಅಂಗಸಂಸ್ಥೆಯ ಷೇರು 30. ಹೊಣೆಯ ಕಡೆ ಬ್ಯಾಂಕ್ ಸಾಲ 450, ಸರಕು ಕೊಟ್ಟವರ ಬಾಕಿ 280, ನೌಕರರು ಮತ್ತು ಇತರರ ಬಾಕಿ 120, ಕ ಕಂಪನಿಯ ಸಾಲ 110, ಷೇರುದಾರರ ಬಂಡವಾಳ 440. ಮಾರಾಟ 2,100.

ಗ ಕಂಪನಿಯ ಒಟ್ಟು ಆಸ್ತಿ 500. ಇಪ್ಪತ್ತೆರಡು ಕಂಪನಿಗಳ ಷೇರು 430, ಸರ್ಕಾರಿ ಬಾಂಡ್ 55, ನಗದು 15. ಆ ಇಪ್ಪತ್ತೆರಡರಲ್ಲಿ ಒಂದರಲ್ಲಿ ಮಾತ್ರ 60 ಪ್ರತಿಶತ ಪಾಲು, ಬೆಲೆ 70. ಉಳಿದವುಗಳಲ್ಲಿ ಪಾಲು ಸಣ್ಣದು. ಆದಾಯದಲ್ಲಿ ಹೆಚ್ಚಿನದು ಷೇರುಗಳ ಬೆಲೆ ಏರಿಕೆ 38. ಮಾರಿ ಗಳಿಸಿದ ಲಾಭ 11, ಡಿವಿಡೆಂಡ್ 6.

ಘ ಕಂಪನಿಯ ಒಟ್ಟು ಆಸ್ತಿ 600. ಖ ಕಂಪನಿ ತನ್ನ ಯಂತ್ರಗಳನ್ನು ಗ್ರಾಹಕರಿಗೆ ಕಂತಿನ ಮೇಲೆ ಮಾರಿದ ಒಪ್ಪಂದಗಳನ್ನು ಘ ಕೊಂಡಿದೆ, ಅವು 585. ಮೀಸಲು ನಗದು 15. ಹೊಣೆಯ ಕಡೆ ಮೊದಲ ಹಕ್ಕಿನ ಸಾಲಪತ್ರ 510, ಕೊನೆಯ ಹಕ್ಕಿನ ಸಾಲಪತ್ರ 90. ಷೇರು ಬಂಡವಾಳ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನೌಕರರು ಒಬ್ಬರೂ ಇಲ್ಲ.

ಇವುಗಳಲ್ಲಿ ಸುಲಭದ್ದು ಖ. ಆಸ್ತಿಯ ಬಹುಪಾಲು ಯಂತ್ರ, ದಾಸ್ತಾನು, ಗ್ರಾಹಕರ ಬಾಕಿ. ಆದಾಯ ಹೊರಗಿನ ಗ್ರಾಹಕರಿಂದ ಬರುತ್ತದೆ, ಖರ್ಚಿನಲ್ಲಿ ಕಚ್ಚಾವಸ್ತು ಮತ್ತು ಸಂಬಳ ದೊಡ್ಡವು, ಸರಕು ಕೊಟ್ಟವರಿಗೆ ಕೊಡಬೇಕಾದ ಬಾಕಿಯೂ ದೊಡ್ಡದು. ಈ ಕೊನೆಯ ಸಾಲನ್ನು ಬಹಳ ಜನ ಗಮನಿಸುವುದಿಲ್ಲ. ದಿನನಿತ್ಯ ಕೊಂಡು ಮಾರುವ ಕಂಪನಿಗೆ ಮಾತ್ರ ಇಂಥ ಬಾಕಿ ಇರುತ್ತದೆ. ಕ, ಗ, ಘ ಮೂರರಲ್ಲೂ ಅದು ಇಲ್ಲ. ಖ ಕಂಪನಿಗೂ ಒಂದು ಅಂಗಸಂಸ್ಥೆ ಇರುವುದರಿಂದ ಕಾನೂನಿನ ಭಾಷೆಯಲ್ಲಿ ಅದೂ ಮಾತೃ ಸಂಸ್ಥೆಯೇ. ಆದರೆ 1,400ರಲ್ಲಿ 30 ಇದ್ದ ಮಾತ್ರಕ್ಕೆ ಅದರ ಸ್ವಭಾವ ಬದಲಾಗುವುದಿಲ್ಲ. ಅಂಗಸಂಸ್ಥೆ ಇದೆಯೇ ಎಂದು ಕೇಳುವುದಕ್ಕಿಂತ, ಅಂಗಸಂಸ್ಥೆಗಳನ್ನು ತೆಗೆದರೆ ಏನು ಉಳಿಯುತ್ತದೆ ಎಂದು ಕೇಳುವುದು ಸರಿ.

ಅದೇ ಪ್ರಶ್ನೆಯನ್ನು ಕ ಕಂಪನಿಗೆ ಹಾಕಿ. ಗುಂಪಿಗೆ ಸಂಬಂಧಿಸಿದ 960 ತೆಗೆದರೆ ಉಳಿಯುವುದು 40. ಆದಾಯದ ಪ್ರತಿಯೊಂದು ಸಾಲೂ ಗುಂಪಿನ ಒಳಗಿನಿಂದಲೇ ಬರುತ್ತಿದೆ. ಹದಿನೆಂಟು ಮಂದಿ ನೌಕರರೆಂದರೆ ಲೆಕ್ಕ, ಕಾನೂನು, ಖಜಾನೆ ನೋಡಿಕೊಳ್ಳುವವರು. ಇದು ಹೋಲ್ಡಿಂಗ್ ಕಂಪನಿ, ಸಂಶಯವಿಲ್ಲ.

ಕ ಮತ್ತು ಗ ಎರಡರ ಆಸ್ತಿಯೂ ಷೇರುಗಳೇ, ಹಾಗಾಗಿ ಜನ ಎಡವುವುದು ಇಲ್ಲಿ. ಎರಡನ್ನು ಬೇರ್ಪಡಿಸುವುದು ಷೇರುಗಳನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂಬ ಕಾರಣ. ಹೋಲ್ಡಿಂಗ್ ಕಂಪನಿ ಷೇರು ಇಟ್ಟುಕೊಳ್ಳುವುದು ಆ ವ್ಯವಹಾರವನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು. ನಿರ್ದೇಶಕರನ್ನು ಅದು ನೇಮಿಸುತ್ತದೆ, ಬಜೆಟ್ ಒಪ್ಪುತ್ತದೆ, ಒಂದು ಅಂಗಸಂಸ್ಥೆಯ ಹಣವನ್ನು ಇನ್ನೊಂದರ ಬೆಳವಣಿಗೆಗೆ ತಿರುಗಿಸುತ್ತದೆ, ಮಾರುವ ಯೋಜನೆ ಸಾಮಾನ್ಯವಾಗಿ ಇರುವುದಿಲ್ಲ. ಇನ್ವೆಸ್ಟ್‌ಮೆಂಟ್ ಕಂಪನಿ ಷೇರು ಕೊಳ್ಳುವುದು ಬೆಲೆ ಏರಿದಾಗ ಮಾರಲು, ಅಲ್ಲಿಯವರೆಗೆ ಡಿವಿಡೆಂಡ್ ಪಡೆಯಲು.

ಈ ಕಾರಣ ಲೆಕ್ಕಪತ್ರದಲ್ಲಿ ಕಾಣುವ ಜಾಗವೂ ಇದೆ. ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಫ್‌ಆರ್‌ಎಸ್ 10ಕ್ಕೆ 2012ರಲ್ಲಿ ಒಂದು ತಿದ್ದುಪಡಿ ಬಂತು, ಅದು 2014ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದು ಸಂಸ್ಥೆಯನ್ನು ಹೂಡಿಕೆ ಸಂಸ್ಥೆ ಎನ್ನಬೇಕಾದರೆ ಮೂರು ಸಂಗತಿ ಇರಬೇಕು. ಹೂಡಿಕೆ ನಿರ್ವಹಣೆಯ ಸೇವೆ ಕೊಡಲೆಂದು ಹೂಡಿಕೆದಾರರಿಂದ ಹಣ ಪಡೆದಿರಬೇಕು. ಬೆಲೆ ಏರಿಕೆ ಅಥವಾ ಹೂಡಿಕೆಯ ಆದಾಯ, ಇಲ್ಲವೇ ಎರಡನ್ನೂ ಬಿಟ್ಟು ಬೇರೆ ಉದ್ದೇಶ ತನಗಿಲ್ಲ ಎಂದು ಅವರಿಗೆ ಮಾತು ಕೊಟ್ಟಿರಬೇಕು. ತನ್ನ ಹೂಡಿಕೆಗಳಲ್ಲಿ ಬಹುತೇಕ ಎಲ್ಲವನ್ನೂ ಫೇರ್ ವ್ಯಾಲ್ಯೂನಲ್ಲಿ, ಅಂದರೆ ಇಂದು ಮಾರಿದರೆ ಸಿಗುವ ಬೆಲೆಯಲ್ಲಿ ಅಳೆದು, ಅದರ ಮೇಲೇ ತನ್ನ ಸಾಧನೆಯನ್ನು ಅಳೆದುಕೊಳ್ಳಬೇಕು. ಷೇರು ಹೂಡಿಕೆಗಳಿಂದ ಯಾವಾಗ, ಹೇಗೆ ಹೊರಬರುತ್ತೇವೆ ಎಂಬ ಯೋಜನೆಯೂ ದಾಖಲೆಯಲ್ಲಿರಬೇಕು. ಒಂದಕ್ಕಿಂತ ಹೆಚ್ಚು ಹೂಡಿಕೆ, ಒಬ್ಬರಿಗಿಂತ ಹೆಚ್ಚು ಹೂಡಿಕೆದಾರರು, ಅವರಿಗೂ ನಡೆಸುವವರಿಗೂ ಸಂಬಂಧವಿಲ್ಲದಿರುವುದು ಇವೆಲ್ಲ ಸಾಮಾನ್ಯ ಲಕ್ಷಣಗಳು. ಆದರೆ ಎಲ್ಲವೂ ಇರಲೇಬೇಕೆಂದಿಲ್ಲ.

ಇದರ ಫಲವಾಗಿ, ಗ ಕಂಪನಿ ಒಂದರಲ್ಲಿ 60 ಪ್ರತಿಶತ ಪಾಲು ಹೊಂದಿದ್ದರೂ ಅದರ ಲೆಕ್ಕವನ್ನು ತನ್ನೊಳಗೆ ಕೂಡಿಸುವುದಿಲ್ಲ, 70 ಎಂಬ ಒಂದೇ ಅಂಕಿಯಾಗಿ ಬರೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಷೇರು ಇದ್ದರೆ ಹೋಲ್ಡಿಂಗ್ ಕಂಪನಿ ಎಂಬ ಸ್ಥೂಲ ಸೂತ್ರ ಇಲ್ಲಿ ತಪ್ಪುತ್ತದೆ. ಟಿಪ್ಪಣಿಗಳಲ್ಲಿ ಎರಡು ಕಡೆ ನೋಡಿ. ಅಂಗಸಂಸ್ಥೆಗಳ ಷೇರನ್ನು ಕೊಂಡ ಬೆಲೆಯಲ್ಲೇ ವರ್ಷದಿಂದ ವರ್ಷಕ್ಕೆ ಬದಲಿಸದೆ ತೋರಿಸಿದ್ದರೆ ಅದು ಬಹುಮಟ್ಟಿಗೆ ಹೋಲ್ಡಿಂಗ್ ಕಂಪನಿಯ ರೀತಿ. ಪ್ರತಿ ವರ್ಷ ಬೆಲೆ ಕಟ್ಟಿ, ಏರಿಳಿತವನ್ನು ಲಾಭನಷ್ಟದಲ್ಲಿ ಹಾಕಿದ್ದರೆ ಅದು ಹೂಡಿಕೆ ಕಂಪನಿಯ ರೀತಿ. ಎರಡನೆಯದಾಗಿ, ಹಿಂದಿನ ನಾಲ್ಕೈದು ವರ್ಷಗಳ ಪಟ್ಟಿ ಹೋಲಿಸಿ. ಹೆಸರುಗಳು ಬಂದು ಹೋಗುತ್ತಿದ್ದರೆ ಅಲ್ಲಿ ಕೊಳ್ಳುವುದು ಮಾರುವುದು ನಡೆಯುತ್ತಿದೆ ಎಂದರ್ಥ.

ಅಮೆರಿಕದ 1940ರ ಇನ್ವೆಸ್ಟ್‌ಮೆಂಟ್ ಕಂಪನಿ ಕಾಯ್ದೆ ಇದೇ ಪ್ರಶ್ನೆಗೆ ಒಂದು ಅಂಕಿಯ ಅಳತೆ ಕೊಡುತ್ತದೆ. ಆ ದೇಶದ ಹೊರಗೆ ಅದು ಕಾನೂನಲ್ಲ, ಆದರೂ ಒಳ್ಳೆಯ ಒರೆಗಲ್ಲು. ಒಟ್ಟು ಆಸ್ತಿಯಿಂದ ನಗದನ್ನೂ ಸರ್ಕಾರಿ ಸಾಲಪತ್ರಗಳನ್ನೂ ಕಳೆಯಬೇಕು. ಉಳಿದದ್ದರಲ್ಲಿ 40 ಪ್ರತಿಶತಕ್ಕಿಂತ ಹೆಚ್ಚು ಹೂಡಿಕೆಯ ಪತ್ರಗಳಾಗಿದ್ದರೆ ಮೇಲ್ನೋಟಕ್ಕೆ ಅದು ಇನ್ವೆಸ್ಟ್‌ಮೆಂಟ್ ಕಂಪನಿ. ಇದರಲ್ಲಿ ಜಾಣ ಭಾಗವೆಂದರೆ, ಬಹುಪಾಲು ತನ್ನದಾಗಿದ್ದು ತಾನೇ ಇನ್ವೆಸ್ಟ್‌ಮೆಂಟ್ ಕಂಪನಿಯಲ್ಲದ ಅಂಗಸಂಸ್ಥೆಯ ಷೇರು ಮತ್ತು ಸಾಲ ಈ 40ರಲ್ಲಿ ಸೇರುವುದಿಲ್ಲ. ಲೆಕ್ಕ ಹಾಕುವುದೂ ಪ್ರತ್ಯೇಕ ಬ್ಯಾಲೆನ್ಸ್ ಶೀಟಿನ ಮೇಲೆಯೇ.

ಕ ಕಂಪನಿಗೆ ಹಾಕಿ ನೋಡಿ. 1,000ದಿಂದ ನಗದು 30 ಕಳೆದರೆ 970. ಅಂಗಸಂಸ್ಥೆಗಳ 760 ಮತ್ತು 110 ಹೊರಗೆ. ಉಳಿಯುವುದು ಘ ಕಂಪನಿಯ ಸಾಲಪತ್ರ 90, ಅಂದರೆ ಸುಮಾರು 9 ಪ್ರತಿಶತ. ಗ ಕಂಪನಿಗೆ ಹಾಕಿದರೆ 500ರಿಂದ ಬಾಂಡ್ 55, ನಗದು 15 ಕಳೆದು 430. 60 ಪ್ರತಿಶತ ಪಾಲಿರುವ ಕಂಪನಿಯ 70 ಬಿಟ್ಟರೆ 360, ಅಂದರೆ 84 ಪ್ರತಿಶತ. ಎರಡರ ನಡುವಿನ ಅಂತರ ಇಷ್ಟು ದೊಡ್ಡದಿರುವಾಗ ಚರ್ಚೆಗೆ ಜಾಗವಿಲ್ಲ. ಕಾಯ್ದೆ ಕೇಳುವುದು ಆಸ್ತಿಯ ಇಂದಿನ ಮೌಲ್ಯ, ಪುಸ್ತಕದ ಬೆಲೆಯಲ್ಲ. ಆದ್ದರಿಂದ 35ರಿಂದ 45ರ ನಡುವೆ ಉತ್ತರ ಬಂದರೆ ಪುಸ್ತಕದ ಅಂಕಿಯ ಮೇಲೆ ತೀರ್ಮಾನಿಸಬೇಡಿ.

ಅಂಥ ನಡುವಿನ ಕಂಪನಿಗಳು ಬೇಕಾದಷ್ಟಿವೆ. ಸ್ವಂತ ವ್ಯವಹಾರವೂ ಇದೆ, ಅಂಗಸಂಸ್ಥೆಗಳೂ ಇವೆ, ಬೇರೆಯವರ ಕಂಪನಿಗಳಲ್ಲಿ ಸಣ್ಣ ಪಾಲೂ ಇದೆ. ಬರ್ಕ್‌ಶೈರ್ ಪೂರ್ತಿಯಾಗಿ ತನ್ನದಾದ ವಿಮೆ, ರೈಲು ಕಂಪನಿಗಳನ್ನೂ ಹೊಂದಿದೆ, ಆ್ಯಪಲ್‌ನಂಥ ಕಂಪನಿಯಲ್ಲಿ ಅಲ್ಪಪಾಲನ್ನೂ ಹೊಂದಿದೆ. ಇವುಗಳಿಗೆ ಒಂದೇ ಲೇಬಲ್ ಅಂಟಿಸಲು ಹೆಣಗುವುದು ವ್ಯರ್ಥ. ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಪಾಲುಪಾಲಾಗಿ ಬರೆದುಕೊಂಡರೆ ಸಾಕು.

ಇನ್ನು ಘ. ನೌಕರರಿಲ್ಲ, ಒಂದೇ ಬಗೆಯ ಆಸ್ತಿ, ಆ ಆಸ್ತಿಯನ್ನೇ ನಂಬಿದ ಸಾಲ, ಹೆಸರಿಗೆ ಮಾತ್ರ ಷೇರು ಬಂಡವಾಳ. ಇದು ಎಸ್‌ಪಿವಿ. ಇದನ್ನು ಗುರುತಿಸಲು ಬ್ಯಾಲೆನ್ಸ್ ಶೀಟಿಗಿಂತ ಒಪ್ಪಂದಗಳು ಹೆಚ್ಚು ನೆರವಾಗುತ್ತವೆ, ಏಕೆಂದರೆ ಎಸ್‌ಪಿವಿಯಲ್ಲಿ ನಿರ್ಧರಿಸಬೇಕಾದದ್ದನ್ನೆಲ್ಲ ಹುಟ್ಟುವ ದಿನವೇ ಬರೆದು ಮುಗಿಸಿರುತ್ತಾರೆ. ಈ ಕಂತುಗಳನ್ನು ಕೊಳ್ಳುವುದು, ಅದಕ್ಕಾಗಿ ಸಾಲಪತ್ರ ನೀಡುವುದು, ವಸೂಲಾದ ಹಣ ಹಂಚುವುದು, ಇಷ್ಟು ಬಿಟ್ಟು ಬೇರೇನನ್ನೂ ಮಾಡಕೂಡದು ಎಂದು ಅದರ ಸಂಸ್ಥಾಪನಾ ಪತ್ರ ಹೇಳುತ್ತದೆ. ಹೊಸ ಸಾಲ ಮಾಡುವಂತಿಲ್ಲ, ನೌಕರರನ್ನು ಇಟ್ಟುಕೊಳ್ಳುವಂತಿಲ್ಲ, ಬೇರೆ ಕಂಪನಿಯೊಂದಿಗೆ ವಿಲೀನವಾಗುವಂತಿಲ್ಲ.

ವರ್ಷದ ಬಡ್ಡಿಯ ಆದಾಯ 58 ಬಂದಿತೆಂದುಕೊಳ್ಳಿ. ಅದು ಹರಿಯುವ ದಾರಿ ಮೊದಲೇ ಗೊತ್ತಾಗಿದೆ. ತೆರಿಗೆ, ವಸೂಲಿ ಶುಲ್ಕ, ಟ್ರಸ್ಟಿಯ ಶುಲ್ಕಕ್ಕೆ 4. ಆಮೇಲೆ ಮೊದಲ ಹಕ್ಕಿನವರ ಬಡ್ಡಿ, 510ರ ಮೇಲೆ 8 ಪ್ರತಿಶತದಂತೆ ಸುಮಾರು 41. ಮುಳುಗಿದ ಕಂತುಗಳಿಂದ ಆದ ನಷ್ಟ 2 ಎಂದಿಟ್ಟುಕೊಂಡರೆ ಅದನ್ನು ತುಂಬಬೇಕು. ಕೊನೆಗೆ ಉಳಿಯುವ 11 ಕೊನೆಯ ಹಕ್ಕಿನವರಿಗೆ. ನಷ್ಟ 2ರ ಬದಲು 13 ಆದರೆ ಕೊನೆಯವರಿಗೆ ಆ ವರ್ಷ ಏನೂ ಇಲ್ಲ. ಅದಕ್ಕಿಂತ ಹೆಚ್ಚಾದರೆ ಅವರ 90ರ ಅಸಲು ಕರಗತೊಡಗುತ್ತದೆ.

ಆ 90 ಯಾರ ಕೈಯಲ್ಲಿದೆ ಎಂಬುದು ಮುಖ್ಯ. ನಮ್ಮ ಮಾದರಿಯಲ್ಲಿ ಅದು ಕ ಕಂಪನಿಯ ಕೈಯಲ್ಲಿದೆ. ಘ ಕಂಪನಿಯ ಷೇರುಗಳು ಒಂದು ಟ್ರಸ್ಟಿನ ಹೆಸರಿನಲ್ಲಿದ್ದು, ಕ ಕಂಪನಿಗೆ ಅದರಲ್ಲಿ ಒಂದು ಷೇರೂ ಇಲ್ಲ ಎಂದುಕೊಳ್ಳಿ. ಆದರೂ ಕ ತನ್ನ ಕ್ರೋಡೀಕೃತ ಲೆಕ್ಕದಲ್ಲಿ ಘ ಕಂಪನಿಯನ್ನು ಸೇರಿಸಬೇಕಾಗುವುದು ಬಹುತೇಕ ಖಚಿತ. ಐಎಫ್‌ಆರ್‌ಎಸ್ 10 ಹತೋಟಿಯನ್ನು ಅಳೆಯುವುದು ಷೇರಿನ ಪ್ರಮಾಣದಿಂದಲ್ಲ. ಫಲವನ್ನು ನಿರ್ಧರಿಸುವ ಕೆಲಸಗಳ ಮೇಲೆ ಅಧಿಕಾರ ಇದೆಯೇ, ಆ ಫಲದ ಏರಿಳಿತ ತನ್ನ ಮೇಲೆ ಬೀಳುತ್ತದೆಯೇ, ಆ ಏರಿಳಿತವನ್ನು ಬದಲಿಸಲು ಆ ಅಧಿಕಾರವನ್ನು ಬಳಸಬಲ್ಲದೇ ಎಂದು ಅದು ಕೇಳುತ್ತದೆ. ಕಂತು ಕಟ್ಟದವರ ಮೇಲೆ ಏನು ಕ್ರಮ ಎಂದು ನಿರ್ಧರಿಸುವುದು ವಸೂಲಿ ಮಾಡುವ ಖ, ಅದು ಕ ಕಂಪನಿಯ ಅಂಗಸಂಸ್ಥೆ. ನಷ್ಟ ಮೊದಲು ಬೀಳುವುದು ಕ ಕಂಪನಿಯ ಮೇಲೆ. ಮೂರಕ್ಕೂ ಉತ್ತರ ಹೌದು. ಅಂದಹಾಗೆ, ಗ ಕಂಪನಿಯನ್ನು ನಡೆಸುವ ಸಂಸ್ಥೆ ಈ ಗುಂಪಿನದೇ ಆಗಿದ್ದು, ಗುಂಪಿಗೆ ಅದರಲ್ಲಿ ಸಣ್ಣ ಪಾಲು ಮತ್ತು ಮಾರುಕಟ್ಟೆಯಲ್ಲಿ ಸಾಮಾನ್ಯವಾದ ಶುಲ್ಕ ಮಾತ್ರ ಸಿಗುತ್ತಿದ್ದರೆ, ಸಾಮಾನ್ಯವಾಗಿ ಅದನ್ನು ಹೂಡಿಕೆದಾರರ ಏಜೆಂಟ್ ಎಂದು ಪರಿಗಣಿಸುತ್ತಾರೆ. ಹೆಸರು ಒಂದೇ ಆದರೂ ಗ ಗುಂಪಿನ ಲೆಕ್ಕದೊಳಗೆ ಬರುವುದಿಲ್ಲ.

ಇಂಥ ಅಳತೆ ಅಮೆರಿಕಕ್ಕೆ ಬಂದದ್ದು ಪೆಟ್ಟು ತಿಂದ ಮೇಲೆ. ಅಲ್ಲಿ ಹಿಂದೆ, ಎಸ್‌ಪಿವಿಯ ಆಸ್ತಿಯ ಕನಿಷ್ಠ 3 ಪ್ರತಿಶತದಷ್ಟು ಬಂಡವಾಳ ಹೊರಗಿನವರದ್ದಾಗಿದ್ದು ಹತೋಟಿಯೂ ಅವರದ್ದಾಗಿದ್ದರೆ, ಅದನ್ನು ಲೆಕ್ಕದಿಂದ ಹೊರಗಿಡಬಹುದಿತ್ತು. ಅಲ್ಲಿನ ಇಂಧನ ಕಂಪನಿ ಎನ್ರಾನ್ ಹೀಗೆ ಹೊರಗಿಟ್ಟಿದ್ದ ಚ್ಯೂಕೊ ಎಂಬ ಘಟಕದಲ್ಲಿ ಆ 3 ಪ್ರತಿಶತವೂ ನಿಜವಾಗಿ ಹೊರಗಿನವರದ್ದಾಗಿರಲಿಲ್ಲ. 2001ರ ನವೆಂಬರ್‌ನಲ್ಲಿ ಕಂಪನಿ ಹಿಂದಿನ ವರ್ಷಗಳ ಲೆಕ್ಕ ತಿದ್ದಬೇಕಾಯಿತು, ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. 2003ರಲ್ಲಿ ಅಲ್ಲಿನ ನಿಯಮ ಬದಲಾಯಿತು. ಇಂದು ನೀವು ಟಿಪ್ಪಣಿ ಓದುವಾಗ ಹುಡುಕಬೇಕಾದದ್ದು ಇದನ್ನೇ: ಗುಂಪು ಲೆಕ್ಕಕ್ಕೆ ಸೇರಿಸದ ಘಟಕಗಳು ಯಾವುವು, ಅವುಗಳಿಂದ ಆಗಬಹುದಾದ ಗರಿಷ್ಠ ನಷ್ಟ ಎಷ್ಟು, ಅವುಗಳಿಗೆ ಕೊಟ್ಟ ಖಾತರಿಗಳೇನು. ಐಎಫ್‌ಆರ್‌ಎಸ್ 12 ಇವನ್ನು ಹೇಳಲೇಬೇಕೆನ್ನುತ್ತದೆ.

ಎಸ್‌ಪಿವಿಯಲ್ಲೇ ಇನ್ನೊಂದು ಬಗೆ ಇದೆ, ಅದು ನಿಮ್ಮಂಥ ಸರಕು ಪೂರೈಕೆದಾರರನ್ನು ಗೊಂದಲಕ್ಕೆ ಬೀಳಿಸುತ್ತದೆ. ಒಂದು ವಿದ್ಯುತ್ ಸ್ಥಾವರ ಅಥವಾ ಒಂದು ಹೆದ್ದಾರಿ ಕಟ್ಟಿ ನಡೆಸಲೆಂದೇ ಹುಟ್ಟಿದ ಕಂಪನಿ. ಅದಕ್ಕೆ ಯಂತ್ರಗಳಿವೆ, ಆದಾಯವಿದೆ, ಕೆಲವೊಮ್ಮೆ ನೌಕರರೂ ಇದ್ದಾರೆ. ಮೇಲಿನಿಂದ ನೋಡಿದರೆ ಅದು ಖ ಕಂಪನಿಯಂತೆಯೇ. ವ್ಯತ್ಯಾಸ ಮೂರು ಕಡೆ ಕಾಣುತ್ತದೆ. ಆದಾಯ ಒಂದೇ ಒಪ್ಪಂದದಿಂದ ಬರುತ್ತದೆ, ಆ ಒಪ್ಪಂದಕ್ಕೆ ಮುಗಿಯುವ ದಿನಾಂಕ ಇರುತ್ತದೆ, ಸಾಲದ ಕೊನೆಯ ಕಂತು ಅದಕ್ಕಿಂತ ಸ್ವಲ್ಪ ಮೊದಲು ಬೀಳುವಂತೆ ಹೊಂದಿಸಿರುತ್ತಾರೆ. ಬಂದ ಹಣವೆಲ್ಲ ಸಾಲ ಕೊಟ್ಟವರ ಹತೋಟಿಯ ಎಸ್ಕ್ರೋ ಖಾತೆಗೆ ಹೋಗುತ್ತದೆ, ಕಂಪನಿಯ ಚಾಲ್ತಿ ಖಾತೆಗಲ್ಲ. ಮತ್ತು ಆ ಹಣದಿಂದ ಇನ್ನೊಂದು ಸ್ಥಾವರ ಕಟ್ಟುವ ಹಕ್ಕು ಅದಕ್ಕಿಲ್ಲ. ಆಪರೇಟಿಂಗ್ ಕಂಪನಿ ಒಂದು ಗ್ರಾಹಕನನ್ನು ಕಳೆದುಕೊಂಡರೆ ಇನ್ನೊಬ್ಬನನ್ನು ಹುಡುಕಬಲ್ಲದು. ಇದಕ್ಕೆ ಹುಡುಕಿಕೊಳ್ಳಲು ಬೇರೆ ಏನೂ ಇರುವುದಿಲ್ಲ. ಇಂಥ ಕಂಪನಿಗೆ ಸಾಲದ ಮೇಲೆ ಸರಕು ಕೊಡುವುದಾದರೆ, ಎಸ್ಕ್ರೋ ಒಪ್ಪಂದದಲ್ಲಿ ನಿರ್ವಹಣಾ ಖರ್ಚು ಬ್ಯಾಂಕಿನ ಬಡ್ಡಿಗಿಂತ ಮೊದಲು ಬರುತ್ತದೆಯೇ, ನಿಮ್ಮ ಸರಕು ಆ ಖರ್ಚಿನ ವ್ಯಾಖ್ಯೆಯಲ್ಲಿ ಸೇರುತ್ತದೆಯೇ ಎಂದು ನೋಡಿ. ಕಟ್ಟುವ ಹಂತದ ಸರಕಾದರೆ ಸಾಮಾನ್ಯವಾಗಿ ಅದು ಬೇರೆ ಸಾಲಿನಲ್ಲಿ, ಬೇರೆ ಮಿತಿಯೊಂದಿಗೆ ಬರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಖ ಕಂಪನಿ ಮುಳುಗಿತೆಂದುಕೊಳ್ಳಿ. ಪುಸ್ತಕದಲ್ಲಿ 1,400 ಇದ್ದ ಆಸ್ತಿ ಮಾರಿದಾಗ 900 ಬಂತು. ಬ್ಯಾಂಕಿಗೆ ಅಡಮಾನ ಇದ್ದುದರಿಂದ 450 ಮೊದಲು ಅದಕ್ಕೆ. ಉಳಿದ 450ಕ್ಕೆ ಹಕ್ಕುದಾರರು: ಸರಕು ಕೊಟ್ಟವರು 280, ನೌಕರರು ಮತ್ತು ಇತರರು 120, ಕ 110, ಒಟ್ಟು 510. ನೌಕರರಿಗೆ ಕಾನೂನು ಕೊಡುವ ಆದ್ಯತೆಯನ್ನು ಬದಿಗಿಟ್ಟು ಸಮವಾಗಿ ಹಂಚಿದರೆ ಪ್ರತಿ 100ಕ್ಕೆ 88 ಸಿಗುತ್ತದೆ. ನೀವು ಖ ಕಂಪನಿಗೆ ಸರಕು ಕೊಟ್ಟಿದ್ದರೆ ನಿಮ್ಮ ಕಥೆ ಇಷ್ಟು, ಅಷ್ಟೇನೂ ಕೆಟ್ಟದ್ದಲ್ಲ.

ಅದೇ ಸರಕಿನ ಬಿಲ್ಲು ಕ ಕಂಪನಿಯ ಹೆಸರಿನಲ್ಲಿದ್ದರೆ? ಕ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡಿದಾಗ ಅದು ಖ ಕಂಪನಿಗಿಂತ ಗಟ್ಟಿ ಅನ್ನಿಸಿತ್ತು: ಆಸ್ತಿ 1,000, ಸಾಲ 300. ಖ ಮುಳುಗಿದ ಮೇಲೆ ಅಲ್ಲಿನ ಷೇರು 700 ಸೊನ್ನೆಯಾಗುತ್ತದೆ, ಯಾಕೆಂದರೆ ಷೇರುದಾರರಿಗೆ ಸಿಗುವುದು ಖ ಕಂಪನಿ ತೀರಿಸಬೇಕಾದ ಬಾಕಿಯನ್ನೆಲ್ಲ ಕೊಟ್ಟು ಮಿಕ್ಕಿದ್ದು. ಕೊಟ್ಟ ಸಾಲ 110ರಲ್ಲಿ 97 ಬರುತ್ತದೆ. ಇತರ ಅಂಗಸಂಸ್ಥೆಗಳ ಷೇರು 60, ನಗದು 30, ಇತರ 10 ಹಾಗೇ ಉಳಿದವು ಎಂದರೂ ಒಟ್ಟು 197. ಘ ಕಂಪನಿಯ 90 ಬರಬಹುದು, ಬಾರದಿರಬಹುದು. ಕಂತು ವಸೂಲು ಮಾಡುತ್ತಿದ್ದ ಖ ಈಗ ಇಲ್ಲ, ಬೇರೆಯವರು ಬರುವಷ್ಟರಲ್ಲಿ ವಸೂಲಿ ಕುಸಿಯುತ್ತದೆ, ಆ ಹೊಡೆತ ಮೊದಲು ಬೀಳುವುದು ಈ 90ರ ಮೇಲೆಯೇ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ 300ಕ್ಕೆ 197, ಪ್ರತಿ 100ಕ್ಕೆ ಸುಮಾರು 66. ಹೋಲ್ಡಿಂಗ್ ಕಂಪನಿಗೆ ಸಾಲ ಕೊಟ್ಟವರು ಯಾವ ಒಪ್ಪಂದದಲ್ಲೂ ಹಿಂದೆ ಸರಿದು ನಿಂತಿಲ್ಲ. ಗುಂಪಿನ ರಚನೆಯೇ ಅವರನ್ನು ಸಾಲಿನ ಹಿಂದಕ್ಕೆ ತಳ್ಳಿದೆ.

ಮುಳುಗುವವರೆಗೂ ಕಾಯಬೇಕಿಲ್ಲ. ಕ ಕಂಪನಿ ತನ್ನ 300ರ ಮೇಲೆ 9 ಪ್ರತಿಶತದಂತೆ 27 ಬಡ್ಡಿ ಕಟ್ಟಬೇಕು, ಆಡಳಿತದ ಖರ್ಚು 8, ಒಟ್ಟು 35. ಆದಾಯ 66 ಇರುವವರೆಗೆ ತೊಂದರೆಯಿಲ್ಲ. ಆದರೆ ಖ ಕಂಪನಿಯ ಬ್ಯಾಂಕ್ ಸಾಲದ ಒಪ್ಪಂದದಲ್ಲಿ, ಸಾಲದ ಅನುಪಾತ ಒಂದು ಮಟ್ಟ ದಾಟಿದರೆ ಡಿವಿಡೆಂಡ್ ಕೊಡಕೂಡದು ಎಂಬ ಷರತ್ತು ಇರುವುದು ಸಾಮಾನ್ಯ. ಆ ಷರತ್ತು ಬಿಗಿಯಾದ ದಿನ 40 ನಿಂತು ಕ ಕಂಪನಿಗೆ ಉಳಿಯುವುದು 26. ಖ ಇನ್ನೂ ಲಾಭದಲ್ಲಿ ಸರಕು ಮಾರುತ್ತಿರುವಾಗಲೇ ಕ ತನ್ನ ಬಡ್ಡಿಗೂ ತಡಕಾಡಬೇಕಾಗುತ್ತದೆ. ಆದ್ದರಿಂದ ಹೋಲ್ಡಿಂಗ್ ಕಂಪನಿಯನ್ನು ಅಳೆಯುವಾಗ ಅದರ ಲಾಭಕ್ಕಿಂತ, ಕೆಳಗಿನಿಂದ ನಗದಾಗಿ ಮೇಲೆ ಬಂದದ್ದೆಷ್ಟು ಎಂದು ನಗದು ಹರಿವಿನ ಪಟ್ಟಿಯಲ್ಲಿ ನೋಡಬೇಕು.

ಘ ಕಂಪನಿ ನಿಮ್ಮಿಂದ ಸರಕು ಕೇಳುತ್ತಿದ್ದರೆ ನಿಲ್ಲಿಸಿ. ಕಂತುಗಳನ್ನು ಹಿಡಿದಿಟ್ಟುಕೊಳ್ಳುವ ಎಸ್‌ಪಿವಿಗೆ ಸರಕು ಕೊಳ್ಳುವ ಅಧಿಕಾರವೇ ಇರುವುದಿಲ್ಲ. ಅದರ ಒಪ್ಪಂದಗಳಲ್ಲಿ ನಿಮ್ಮ ಬಾಕಿಗೆ ಸಾಲಿನಲ್ಲಿ ಜಾಗವೂ ಇರುವುದಿಲ್ಲ. ಮೇಲಾಗಿ, ಅದರೊಂದಿಗೆ ಒಪ್ಪಂದ ಮಾಡಿಕೊಳ್ಳುವ ಪ್ರತಿಯೊಬ್ಬರಿಂದಲೂ, ಅದರ ವಿರುದ್ಧ ದಿವಾಳಿ ಅರ್ಜಿ ಹಾಕುವುದಿಲ್ಲ, ಅದರ ಆಸ್ತಿ ಮೀರಿ ಏನನ್ನೂ ಕೇಳುವುದಿಲ್ಲ ಎಂದು ಬರೆಸಿಕೊಳ್ಳುವುದು ಅಲ್ಲಿನ ಪದ್ಧತಿ. ಮಾತೃ ಸಂಸ್ಥೆ ಬಿದ್ದರೂ ಎಸ್‌ಪಿವಿ ಬೀಳಬಾರದೆಂದು ಕಟ್ಟುವ ಈ ಗೋಡೆಗೂ ಮಿತಿಯಿದೆ. 2009ರಲ್ಲಿ ಅಮೆರಿಕದ ಜನರಲ್ ಗ್ರೋತ್ ಪ್ರಾಪರ್ಟೀಸ್ ದಿವಾಳಿ ರಕ್ಷಣೆ ಕೇಳಿದಾಗ, ಮಾಲ್‌ಗಳನ್ನು ಒಂದೊಂದಾಗಿ ಹೊಂದಿದ್ದ ಅನೇಕ ಎಸ್‌ಪಿವಿಗಳನ್ನೂ ಜೊತೆಗೆ ಎಳೆತಂದಿತು. ಅವುಗಳಲ್ಲಿ ಕೆಲವಕ್ಕೆ ಅದಕ್ಕೆ ಸ್ವಲ್ಪ ಮೊದಲು ಸ್ವತಂತ್ರ ವ್ಯವಸ್ಥಾಪಕರನ್ನೇ ಬದಲಾಯಿಸಿತ್ತು. ಸಾಲ ಕೊಟ್ಟವರು ಆಕ್ಷೇಪಿಸಿದರು, ನ್ಯಾಯಾಲಯ ಅರ್ಜಿಗಳನ್ನು ವಜಾ ಮಾಡಲು ಒಪ್ಪಲಿಲ್ಲ. ಸ್ವತಂತ್ರ ನಿರ್ದೇಶಕರನ್ನು ಬದಲಾಯಿಸುವ ಹಕ್ಕು ಯಾರಿಗಿದೆ ಎಂಬ ಷರತ್ತನ್ನು ಸಾಲ ಕೊಡುವವರು ಆಮೇಲೆ ಹೆಚ್ಚು ಎಚ್ಚರದಿಂದ ಬರೆಸತೊಡಗಿದರು.

ನೀವು ಈಗ ಮಾಡಬೇಕಾದ ಕೆಲಸ ಇಷ್ಟು. ಖರೀದಿ ಆದೇಶದಲ್ಲಿ ಯಾವ ಕಂಪನಿಯ ಪೂರ್ತಿ ಹೆಸರು ಮತ್ತು ನೋಂದಣಿ ಸಂಖ್ಯೆ ಇದೆ ಎಂದು ನೋಡಿ, ಅದನ್ನು ನಿಮಗೆ ಕೊಟ್ಟ ಲೆಕ್ಕಪತ್ರದ ಮೊದಲ ಪುಟದೊಂದಿಗೆ ತಾಳೆ ಹಾಕಿ. ಆದೇಶ ಒಂದರ ಹೆಸರಿನಲ್ಲಿ, ತೋರಿಸಿದ ಲೆಕ್ಕ ಇನ್ನೊಂದರದು ಎಂಬುದು ಬಹಳ ಸಲ ಮೋಸಕ್ಕಲ್ಲ, ಉದಾಸೀನಕ್ಕೆ ಆಗುವಂಥದ್ದು, ಆದರೆ ನಷ್ಟ ನಿಮ್ಮದೇ. ಸರಕು ಹೋಗುವುದು ಖ ಕಂಪನಿಯ ಗೋದಾಮಿಗಾದರೆ ಆದೇಶವೂ ಬಿಲ್ಲೂ ಖ ಕಂಪನಿಯ ಹೆಸರಿನಲ್ಲೇ ಇರಲಿ. ಕ ಕಂಪನಿಯ ಹೆಸರೇ ಬೇಕೆಂದು ಅವರು ಹಟ ಹಿಡಿದರೆ ಖ ಕಂಪನಿಯಿಂದ ಗ್ಯಾರಂಟಿ ಕೇಳಿ. ಇಲ್ಲಿ ಜನ ಉಲ್ಟಾ ಮಾಡುತ್ತಾರೆ, ಕೆಳಗಿನ ಕಂಪನಿಗೆ ಸರಕು ಕೊಟ್ಟು ಮೇಲಿನದರಿಂದ ಗ್ಯಾರಂಟಿ ಪಡೆದು ನಿಶ್ಚಿಂತರಾಗುತ್ತಾರೆ. ಅದು ತಪ್ಪಲ್ಲ, ಆದರೆ ಖ ಬಿದ್ದ ದಿನ ಕ ಕಂಪನಿಯ ಗ್ಯಾರಂಟಿಯ ಬೆಲೆಯೂ ಮೇಲಿನ ಲೆಕ್ಕದಂತೆ ಇಳಿದಿರುತ್ತದೆ. ಗ್ಯಾರಂಟಿಯ ಬದಲು 'ಅಂಗಸಂಸ್ಥೆಗೆ ಬೆಂಬಲ ಕೊಡುವುದು ನಮ್ಮ ನೀತಿ' ಎಂಬಂಥ ಪತ್ರ ಕೊಟ್ಟರೆ ಅದರಲ್ಲಿ ಮೊತ್ತ, ಅವಧಿ, 'ಕೇಳಿದ ಕೂಡಲೇ ಪಾವತಿಸುತ್ತೇವೆ' ಎಂಬ ಮಾತು ಮತ್ತು ನಿರ್ದೇಶಕ ಮಂಡಳಿಯ ನಿರ್ಣಯದ ಪ್ರತಿ ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಗ್ಯಾರಂಟಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಸಾಲದ ಮಿತಿಯನ್ನು ಖ ಕಂಪನಿಯ ಪ್ರತ್ಯೇಕ ಲೆಕ್ಕದ ಮೇಲೆಯೇ ನಿಗದಿ ಮಾಡಿ.